ತುಂಬಿದ ಕಾಲಂನಲ್ಲಿ ಇಳಿಯಿರಿ, ಖಾಲಿ ಕಾಲಂನಲ್ಲಿ ಏರಿ

ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವೊಂದಕ್ಕೆ 200 ಸದಸ್ಯರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಯಾರೂ ಒಂದು ಹೊತ್ತೂ ತಪ್ಪಿಸದಿದ್ದರೆ ಜೂನ್ ತಿಂಗಳೊಂದಕ್ಕೇ ಎಕ್ಸೆಲ್ ಹಾಳೆಯಲ್ಲಿ 12,000 ಸಾಲು ಆಗುತ್ತದೆ. A ಕಾಲಂನಲ್ಲಿ ದಿನಾಂಕ, B ಯಲ್ಲಿ ಸದಸ್ಯರ ಸಂಖ್ಯೆ, C ಯಲ್ಲಿ ಲೀಟರ್, D ಯಲ್ಲಿ ದರ. E ಯಲ್ಲಿ ಮೊತ್ತ ಬರಬೇಕು; ಸದ್ಯಕ್ಕೆ ಅಲ್ಲಿರುವುದು ತಲೆಬರಹ ಮಾತ್ರ. ಮೊದಲ ಸಾಲು ತಲೆಬರಹಕ್ಕೆ ಹೋಗುವುದರಿಂದ ಲೆಕ್ಕ 2ನೇ ಸಾಲಿನಿಂದ 12001ನೇ ಸಾಲಿನವರೆಗೆ ಇದೆ.

E2 ಸೆಲ್‌ನಲ್ಲಿ ಹೀಗೆ ಬರೆದು ಎಂಟರ್ ಒತ್ತುತ್ತೇವೆ:

```
=C2*D2
```

ಇನ್ನು ಇದನ್ನು ಕೆಳಗಿನ 11,999 ಸಾಲಿಗೂ ಇಳಿಸಬೇಕು. ಸೆಲ್‌ನ ಮೂಲೆಯನ್ನು ಮೌಸ್‌ನಲ್ಲಿ ಹಿಡಿದು ಎಳೆಯುತ್ತಾ ಹೋದರೆ ಪರದೆ ಒಮ್ಮೆ ತೆವಳುತ್ತದೆ, ಒಮ್ಮೆ ಓಡಿ ಕೊನೆಯ ಸಾಲನ್ನೇ ದಾಟಿಬಿಡುತ್ತದೆ. ಕೀಬೋರ್ಡ್‌ನಲ್ಲಿ ಇದು ಕೆಲವೇ ಒತ್ತುಗಳ ಕೆಲಸ. ಆದರೆ ಅದಕ್ಕೆ Ctrl ಜೊತೆಗೆ ಬಾಣದ ಕೀ ಒತ್ತಿದಾಗ ಎಕ್ಸೆಲ್ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿರಬೇಕು.

ತುಂಬಿದ ಸೆಲ್‌ಗಳ ನಡುವೆ ನಿಂತು Ctrl+↓ ಒತ್ತಿದರೆ, ಮುಂದಿನ ಖಾಲಿ ಸೆಲ್‌ಗಿಂತ ಒಂದು ಮೊದಲು ನಿಲ್ಲುತ್ತದೆ. ಕೆಳಗಿನ ಸೆಲ್ ಖಾಲಿಯಿದ್ದರೆ, ಖಾಲಿ ಜಾಗವನ್ನೆಲ್ಲ ಹಾರಿ ಮುಂದೆ ಸಿಗುವ ಮೊದಲ ತುಂಬಿದ ಸೆಲ್‌ಗೆ ಹೋಗುತ್ತದೆ. ಮುಂದೆ ಏನೂ ಸಿಗದಿದ್ದರೆ ಹಾಳೆಯ ತಳವೇ ಗತಿ, ಅಂದರೆ 1048576ನೇ ಸಾಲು. Shift ಅನ್ನೂ ಸೇರಿಸಿ ಒತ್ತಿದರೆ ಹಾದುಹೋದ ಜಾಗವೆಲ್ಲ ಆಯ್ಕೆಯಾಗುತ್ತದೆ.

ಹಾಗಾಗಿ E2 ನಲ್ಲೇ ನಿಂತು Ctrl+Shift+↓ ಒತ್ತುವುದು ತಪ್ಪು. ಕೆಳಗೆಲ್ಲ ಖಾಲಿಯಾದ್ದರಿಂದ ಆಯ್ಕೆ ಹಾಳೆಯ ತಳದವರೆಗೂ ಹೋಗುತ್ತದೆ. ಆ ಸ್ಥಿತಿಯಲ್ಲಿ ಸೂತ್ರ ಇಳಿಸಿದರೆ ಹತ್ತು ಲಕ್ಷಕ್ಕೂ ಹೆಚ್ಚು ಸಾಲುಗಳಲ್ಲಿ ಸೊನ್ನೆ ತುಂಬಿಕೊಂಡು ಫೈಲ್ ಭಾರವಾಗುತ್ತದೆ.

ಸರಿಯಾದ ದಾರಿ ಪಕ್ಕದ ತುಂಬಿದ ಕಾಲಂನದ್ದು. A2 ಗೆ ಹೋಗಿ Ctrl+↓ ಒತ್ತಿ, A12001 ತಲುಪುತ್ತೀರಿ. ಬಲಬಾಣವನ್ನು ನಾಲ್ಕು ಸಲ ಒತ್ತಿದರೆ E12001. ಈಗ Ctrl+Shift+↑. ಮೇಲೆಲ್ಲ ಖಾಲಿ ಇರುವುದರಿಂದ ಆಯ್ಕೆ ಸೂತ್ರವಿರುವ E2 ಗೇ ಹೋಗಿ ನಿಲ್ಲುತ್ತದೆ. ಕೊನೆಗೆ Ctrl+D. ಆಯ್ಕೆಯ ಎಲ್ಲಕ್ಕಿಂತ ಮೇಲಿನ ಸೆಲ್‌ನಲ್ಲಿರುವ ಸೂತ್ರ ಕೆಳಗಿನವರೆಗೂ ಇಳಿಯುತ್ತದೆ, ಪ್ರತಿ ಸಾಲಿನಲ್ಲೂ ಆಯಾ ಸಾಲಿನ ಲೀಟರ್ ಮತ್ತು ದರವನ್ನೇ ಹಿಡಿದು.

E2 ನಲ್ಲಿ ಸೂತ್ರ ಬರೆಯುವುದನ್ನೇ ಮರೆತು ಇದನ್ನೆಲ್ಲ ಮಾಡಿದರೆ ಆಯ್ಕೆ E1 ವರೆಗೆ ಏರುತ್ತದೆ. Ctrl+D ಒತ್ತಿದೊಡನೆ ‘ಮೊತ್ತ’ ಎಂಬ ತಲೆಬರಹವೇ ಕಾಲಂ ಪೂರ್ತಿ ತುಂಬುತ್ತದೆ. ಹಾಗಾದರೆ Ctrl+Z ಒತ್ತಿ, ಸೂತ್ರ ಬರೆದು ಮತ್ತೆ ಮಾಡಿ.

ಇಳಿಯಲು ದರದ ಕಾಲಂ ಬಿಟ್ಟು ದಿನಾಂಕದ ಕಾಲಂ ಹಿಡಿದದ್ದಕ್ಕೂ ಕಾರಣವಿದೆ. ಒಂದು ದಿನ ಫ್ಯಾಟ್ ನೋಡುವುದು ತಪ್ಪಿ 4310ನೇ ಸಾಲಿನ ದರ ಖಾಲಿ ಉಳಿದಿದೆ ಎನ್ನಿ. D ಯಲ್ಲಿ ಇಳಿದರೆ 4309ರಲ್ಲೇ ನಿಲ್ಲುತ್ತೀರಿ. ಅದನ್ನೇ ಕೊನೆಯ ಸಾಲು ಎಂದುಕೊಂಡರೆ ಉಳಿದ ಏಳು ಸಾವಿರಕ್ಕೂ ಹೆಚ್ಚು ಸಾಲಿಗೆ ಮೊತ್ತವೇ ಬರುವುದಿಲ್ಲ, ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಖಾಲಿ ಬಿಡಲಾಗದ ಕಾಲಂ ಯಾವುದೋ ಅದರಲ್ಲೇ ಇಳಿಯಬೇಕು. ಅಂಥದ್ದೂ ಇಲ್ಲವಾದರೆ ತಳದಿಂದ ಬನ್ನಿ: Ctrl+G ಒತ್ತಿ, A1048576 ಎಂದು ಬರೆದು ಎಂಟರ್ ಕೊಟ್ಟು, ಆಮೇಲೆ Ctrl+↑. ಕೆಳಗಿನಿಂದ ಬಂದಾಗ ಮೊದಲು ಎದುರಾಗುವ ತುಂಬಿದ ಸೆಲ್ಲೇ ಆ ಕಾಲಂನ ಕೊನೆಯ ಸೆಲ್. ನಡುವಿನ ಖಾಲಿಗಳು ಅಡ್ಡ ಬರುವುದಿಲ್ಲ.

Ctrl+End ಒತ್ತಿದರೆ ಸಾಲದೇ ಎಂದು ಅನ್ನಿಸಬಹುದು. ಅದು ಬಳಕೆಯಾದ ಪ್ರದೇಶದ ಕೊನೆಯ ಮೂಲೆಗೆ ಹೋಗುತ್ತದೆ. ಎಲ್ಲೋ ಕೆಳಗೆ ಒಂದು ಸೆಲ್‌ಗೆ ಬಣ್ಣ ಹಚ್ಚಿದ್ದರೂ ಅದನ್ನು ಬಳಕೆ ಎಂದೇ ಲೆಕ್ಕ ಹಿಡಿಯುವುದರಿಂದ, ಕೊನೆಯ ಸಾಲು ತಿಳಿಯಲು ಅದನ್ನು ನಂಬುವಂತಿಲ್ಲ.

ಇಳಿಸಿದ ಮೇಲೆ ಎರಡು ಸಂಗತಿ ನೋಡಿ. ಕಾಲಂ ಆಯ್ಕೆಯಲ್ಲಿರುವಾಗಲೇ ಪರದೆಯ ಕೆಳಪಟ್ಟಿಯಲ್ಲಿ Count ಎದುರು 12000 ಇರಬೇಕು. ಬಳಿಕ E12001 ಗೆ ಹೋಗಿ F2 ಒತ್ತಿ; ಅಲ್ಲಿ =C12001*D12001 ಎಂದಿರಬೇಕು. ನೋಡಿ Esc ಒತ್ತಿ ಹೊರಬನ್ನಿ. ದರ ಖಾಲಿಯಿರುವ 4310ನೇ ಸಾಲಿನಲ್ಲಿ ಮೊತ್ತ 0 ಬಂದಿರುತ್ತದೆ. ಅದು ಒಬ್ಬ ಸದಸ್ಯರ ಒಂದು ಹೊತ್ತಿನ ಹಾಲಿನ ದುಡ್ಡು; ಬಿಲ್ ತೆಗೆಯುವ ಮುನ್ನ ದರ ತುಂಬಿದರೆ ಮೊತ್ತ ತಾನಾಗಿ ಸರಿಹೋಗುತ್ತದೆ.