ಮುದ್ದೆ ಬಿಟ್ಟದ್ದು ಪಥ್ಯವೋ, ಕಾಯಿಲೆಯೋ?

ಪ್ರಶ್ನೆ: ಮಗಳಿಗೆ 17 ವರ್ಷ. ತೂಕ ಇಳಿಸಲು ಮೊದಲು ಅನ್ನ ಬಿಟ್ಟಳು, ಈಗ ಮುದ್ದೆಯನ್ನೂ ಮುಟ್ಟುವುದಿಲ್ಲ. ಚಿಂತಿಸಬೇಕೆ?
– ಒಬ್ಬ ತಾಯಿ, ಹರಿಯಬ್ಬೆ

ಉತ್ತರ: ಬಿಟ್ಟದ್ದನ್ನು ಒಂದು ದಿನ ತಿಂದರೆ ಏನಾಗುತ್ತದೆ, ಅದನ್ನು ನೋಡಿ. ಹಬ್ಬಕ್ಕೊಂದು ಹೋಳಿಗೆ ತಿಂದು ಮರುದಿನ ಎಂದಿನಂತಿದ್ದರೆ ಅದು ಪಥ್ಯ. ತಿಂದೆನೆಂದು ಅತ್ತು ಎರಡು ಹೊತ್ತು ಉಪವಾಸ ಬಿದ್ದರೆ, ಉಂಡ ತಕ್ಷಣ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತಿದ್ದರೆ ಹತೋಟಿ ತಪ್ಪಿದೆ. ಮೂರು ತಿಂಗಳಿಂದ ಮುಟ್ಟು ನಿಂತು, ಬಿಸಿಲಲ್ಲೂ ಚಳಿಯೆನ್ನುತ್ತಿದ್ದರೆ ‘ರಕ್ತ ಕಡಿಮೆ’ ಎಂದು ಟಾನಿಕ್ ಕೊಟ್ಟು ಸುಮ್ಮನಾಗಬೇಡಿ. ವೈದ್ಯರು ತೂಕ, ನಾಡಿ, ರಕ್ತದ ಪೊಟ್ಯಾಸಿಯಂ ನೋಡಲಿ. ಜೊತೆಗೆ ಮನೋವೈದ್ಯರನ್ನೂ ಕಾಣಿ. ತಲೆಸುತ್ತಿ ಬಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೈದು ತಿನ್ನಿಸಬೇಡಿ, ಕದ್ದು ಚೆಲ್ಲುತ್ತಾಳೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.