‘ನೀವೇ ನೋಡ್ಕೊಳ್ಳಿ’ ಅನ್ನುವ ಬಾಸ್‌ಗೆ ಒಂದು ಪುಟದ ಪತ್ರ

ಪೀಣ್ಯದಲ್ಲೊಂದು ಯಂತ್ರದ ಬಿಡಿಭಾಗಗಳ ಕಾರ್ಖಾನೆ ಇದೆ ಅಂದುಕೊಳ್ಳೋಣ. ಅಲ್ಲಿ ಪರ್ಚೇಸ್ ವಿಭಾಗ ನೋಡಿಕೊಳ್ಳಲು ಹೊಸದಾಗಿ ಒಬ್ಬ ಮಹಿಳೆ ಸೇರಿದ್ದಾರೆ. ಕಾರ್ಖಾನೆಯ ಮುಖ್ಯಸ್ಥರು ಒಳ್ಳೆಯವರು, ಸಿಡುಕುವವರಲ್ಲ. ಆದರೆ ಏನು ಕೇಳಿದರೂ ಅವರ ಉತ್ತರ ಒಂದೇ: “ನೀವೇ ನೋಡ್ಕೊಳ್ಳಿ.” ಮೊದಲ ತಿಂಗಳು ಅವರು ಆಕೆಯ ಟೇಬಲ್ ಬಳಿ ಬಂದದ್ದೇ ಎರಡು ಸಲ.

ಆಕೆ ನೋಡಿಕೊಂಡರು. ಸ್ಟೀಲ್ ರಾಡ್‌ಗೆ ಹೊಸ ಸಪ್ಲೈಯರ್ ಹುಡುಕಿ ಕೆ.ಜಿ.ಗೆ ಮೂರು ರೂಪಾಯಿ ಉಳಿಸಿದರು. ಹಳೆಯವನು ಎರಡು ವಾರದಲ್ಲಿ ಮಾಲು ಕೊಡುತ್ತಿದ್ದ, ಹೊಸಬನಿಗೆ ಐದು ವಾರ ಬೇಕು. ಗೋದಾಮಿನಲ್ಲಿ ಇದ್ದದ್ದು ಮೂರು ವಾರದ ಸ್ಟಾಕ್. ನಾಲ್ಕನೆಯ ವಾರ ಎರಡು ಯಂತ್ರ ನಿಂತವು.

“ಸಪ್ಲೈಯರ್ ಬದಲಾಯಿಸೋ ಮುಂಚೆ ನನಗೊಂದು ಮಾತು ಹೇಳಬಾರದಿತ್ತಾ?”

“ನೀವೇ ನೋಡ್ಕೊಳ್ಳಿ ಅಂದಿದ್ರಿ ಸರ್.”

ಇಲ್ಲಿ ಇಬ್ಬರ ಮಾತೂ ನಿಜ. ಮುಖ್ಯಸ್ಥರ ತಲೆಯಲ್ಲಿ ಒಂದು ಅಳತೆಗೋಲಿತ್ತು: ಏನೇ ಆಗಲಿ, ಯಂತ್ರ ನಿಲ್ಲಬಾರದು. ಆಕೆಯ ತಲೆಯಲ್ಲಿದ್ದ ಅಳತೆಗೋಲು ಬೆಲೆ. ಎರಡನ್ನೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಚ್ಚು ಹೇಳದ ಮೇಲಧಿಕಾರಿಗೆ ನಿರೀಕ್ಷೆಗಳೇ ಇಲ್ಲ ಎಂದುಕೊಳ್ಳುವುದು ಕೆಳಗಿನವರು ಮಾಡುವ ಮೊದಲ ತಪ್ಪು. ನಿರೀಕ್ಷೆ ಇದ್ದೇ ಇರುತ್ತದೆ. ಅದು ಕಾಣಿಸಿಕೊಳ್ಳುವುದು ಮಾತ್ರ ಕೆಲಸ ಕೆಟ್ಟ ಮೇಲೆ.

ಇಂಥ ಕೈಬಿಟ್ಟ ಮುಂದಾಳತನವನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಅಭ್ಯಾಸ ಮಾಡಿದ್ದಾರೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬ ಸಂಶೋಧಕರು ಹತ್ತು ವರ್ಷದ ಆಸುಪಾಸಿನ ಹುಡುಗರ ಕ್ಲಬ್‌ಗಳನ್ನು ಕಟ್ಟಿ, ಮುಂದಾಳಿನ ರೀತಿ ಬದಲಾದಾಗ ಏನಾಗುತ್ತದೆಂದು ನೋಡಿದರು. ಒಂದು ಬಗೆಯಲ್ಲಿ ಮುಂದಾಳು ಸಾಮಾನು ಕೊಟ್ಟು ಸುಮ್ಮನಾಗುತ್ತಿದ್ದ, ಕೇಳಿದರಷ್ಟೇ ಉತ್ತರ ಕೊಡುತ್ತಿದ್ದ. ಎಲ್ಲರೂ ಕೂಡಿ ಮಾತಾಡಿ ನಿರ್ಧರಿಸುತ್ತಿದ್ದ ಗುಂಪಿಗೆ ಹೋಲಿಸಿದರೆ ಈ ಗುಂಪಿನಲ್ಲಿ ಕೆಲಸವೂ ಕಡಿಮೆ, ಅದರ ಗುಣಮಟ್ಟವೂ ಕಡಿಮೆ. ಮಕ್ಕಳ ಕ್ಲಬ್ಬನ್ನು ಆಫೀಸಿಗೆ ಹಾಗೇ ಹೋಲಿಸಲಾಗದು. ಆದರೂ ಒಂದು ಸಂಗತಿ ಎದ್ದು ಕಾಣುತ್ತದೆ: ಆ ಮುಂದಾಳು ಕೇಳಿದಾಗ ಉತ್ತರ ಕೊಡುತ್ತಿದ್ದ. ಹಾಗಾದರೆ ಏನನ್ನು, ಯಾವಾಗ, ಹೇಗೆ ಕೇಳಬೇಕು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

“ಸರ್, ನನ್ನಿಂದ ನೀವು ಏನು ನಿರೀಕ್ಷಿಸುತ್ತೀರಿ?” ಎಂದು ನೇರವಾಗಿ ಕೇಳಿದರೆ ಸಿಗುವ ಉತ್ತರ ಗೊತ್ತೇ ಇದೆ: “ನಿಮಗೆ ಗೊತ್ತಲ್ಲ, ಚೆನ್ನಾಗಿ ಮಾಡಿ.” ಖಾಲಿ ಹಾಳೆ ಕೊಟ್ಟರೆ ಇಂಥವರು ತುಂಬುವುದಿಲ್ಲ. ಬರೆದ ಹಾಳೆ ಕೊಟ್ಟರೆ ಮಾತ್ರ ತಿದ್ದುತ್ತಾರೆ. ತಿದ್ದುವುದು ಬರೆಯುವುದಕ್ಕಿಂತ ಸುಲಭ.

ಈ ಉಪಾಯ ಹೊಸದೇನಲ್ಲ. ಆಡಳಿತ ಚಿಂತಕ ಪೀಟರ್ ಡ್ರಕರ್ 1954ರಲ್ಲಿ ಪ್ರಕಟಿಸಿದ ‘ದಿ ಪ್ರಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್’ ಪುಸ್ತಕದಲ್ಲಿ ‘ಮ್ಯಾನೇಜರ್ಸ್ ಲೆಟರ್’ ಎಂಬ ರೂಢಿಯನ್ನು ವಿವರಿಸಿದ್ದಾರೆ. ಅದರಲ್ಲಿ ಕೆಳಗಿನ ಅಧಿಕಾರಿ ವರ್ಷಕ್ಕೆರಡು ಸಲ ತನ್ನ ಮೇಲಧಿಕಾರಿಗೆ ಪತ್ರ ಬರೆಯುತ್ತಾನೆ. ಮೇಲಧಿಕಾರಿಯ ಕೆಲಸದ ಗುರಿ ಏನೆಂದು ತನಗೆ ತೋರುತ್ತದೆ, ತನ್ನ ಗುರಿ ಏನು, ತನ್ನನ್ನು ಯಾವ ಮಾನದಂಡದಿಂದ ಅಳೆಯುತ್ತಿದ್ದಾರೆಂದು ತಾನು ನಂಬಿದ್ದೇನೆ, ಮೇಲಿನವರು ಮಾಡುವ ಯಾವ ಸಂಗತಿ ನೆರವಾಗುತ್ತದೆ, ಯಾವುದು ಅಡ್ಡಿಯಾಗುತ್ತದೆ, ಮುಂದೆ ಏನು ಮಾಡಲಿದ್ದೇನೆ ಎಂದು ಅದರಲ್ಲಿ ಹೇಳುತ್ತಾನೆ. ಮೇಲಧಿಕಾರಿ ಒಪ್ಪಿದರೆ ಆ ಪತ್ರವೇ ಕೆಲಸದ ಕರಾರು. ಇದರಲ್ಲಿ ಅತಿ ಬೆಲೆಯುಳ್ಳದ್ದು ಮೊದಲ ಸಾಲು. ಬಾಸ್‌ನ ಕೆಲಸವನ್ನು ನೌಕರ ತಪ್ಪಾಗಿ ಅರ್ಥಮಾಡಿಕೊಂಡಿದ್ದರೆ ಅಲ್ಲೇ ಬಯಲಾಗುತ್ತದೆ.

ಪೀಣ್ಯದ ಆ ಮಹಿಳೆ ಇಂಥದ್ದೊಂದು ಪುಟವನ್ನು ಬರೆದರೆ ಅದು ಹೀಗೆ ಶುರುವಾಗಬಹುದು: “ಸರ್, ನಿಮಗೆ ಈ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಮುಖ್ಯ ಲೈನ್ ನಿಲ್ಲದಿರುವುದು ಎಂದು ನಾನು ತಿಳಿದಿದ್ದೇನೆ. ಖರ್ಚು ಕಡಿಮೆ ಮಾಡುವುದು ಅದರ ನಂತರ. ಹಾಗಾಗಿ ಮುಖ್ಯ ಸಾಮಗ್ರಿಗೆ ಯಾವಾಗಲೂ ನಾಲ್ಕು ವಾರದ ಸ್ಟಾಕ್ ಇಡುತ್ತೇನೆ. ಸರಿಯೇ?” ಇದಕ್ಕೆ ‘ಚೆನ್ನಾಗಿ ಮಾಡಿ’ ಎಂದು ಉತ್ತರಿಸಿ ಜಾರಿಕೊಳ್ಳುವುದು ಕಷ್ಟ. ಹೌದು ಅನ್ನಬೇಕು, ಇಲ್ಲವೇ “ನಾಲ್ಕು ವಾರ ಜಾಸ್ತಿಯಾಯಿತು, ದುಡ್ಡು ಅಲ್ಲೇ ಕೂರುತ್ತೆ, ಮೂರು ಸಾಕು” ಅನ್ನಬೇಕು. ಆ ಎರಡನೆಯ ಉತ್ತರ ಬಂದರೆ ಇನ್ನೂ ಒಳ್ಳೆಯದು. ತಿಂಗಳುಗಟ್ಟಲೆ ಹೊರಬರದ ನಿರ್ದೇಶನ ಒಂದು ವಾಕ್ಯದಲ್ಲಿ ಹೊರಬಂದಂತೆ.

ಪುಟದ ಎರಡನೆಯ ಭಾಗದಲ್ಲಿ ಯಾವ ನಿರ್ಧಾರ ಯಾರದು ಎಂಬುದಿರಬೇಕು. 1974ರಲ್ಲಿ ವಿಲಿಯಂ ಆಂಕೆನ್ ಮತ್ತು ಡೊನಾಲ್ಡ್ ವಾಸ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ಬರೆದ ಲೇಖನವೊಂದು ನೌಕರನ ಮುನ್ನುಗ್ಗುವಿಕೆಯನ್ನು ಐದು ಮೆಟ್ಟಿಲಾಗಿ ವಿಂಗಡಿಸಿತ್ತು. ತೀರ ಕೆಳಗಿನದು ಹೇಳುವತನಕ ಕಾಯುವುದು. ಅದರ ಮೇಲಿನದು ಏನು ಮಾಡಲಿ ಎಂದು ಕೇಳುವುದು. ಮೂರನೆಯದು ಸಲಹೆ ಕೊಟ್ಟು, ಒಪ್ಪಿಗೆ ಬಂದ ಮೇಲೆ ಮಾಡುವುದು. ನಾಲ್ಕನೆಯದು ಮಾಡಿ, ಕೂಡಲೇ ತಿಳಿಸುವುದು. ಐದನೆಯದು ಮಾಡಿಕೊಂಡು ಹೋಗಿ, ಮಾಮೂಲಿ ವರದಿಯಲ್ಲಿ ಹೇಳುವುದು. ಮೊದಲೆರಡು ಮೆಟ್ಟಿಲಲ್ಲಿ ಯಾರನ್ನೂ ನಿಲ್ಲಗೊಡಬಾರದು ಎಂಬುದು ಆ ಲೇಖಕರ ನಿಲುವು.

‘ನೀವೇ ನೋಡ್ಕೊಳ್ಳಿ’ ಎಂಬ ಮಾತಿನ ಗೊಂದಲವೆಲ್ಲ ಇರುವುದು ಈ ಮೇಲಿನ ಮೂರು ಮೆಟ್ಟಿಲುಗಳ ನಡುವೆ. ಆಕೆ ಐದನೆಯದರಲ್ಲಿ ನಿಂತು ಕೆಲಸ ಮಾಡಿದರು, ಬಾಸ್ ಮೂರನೆಯದನ್ನು ಮನಸ್ಸಿನಲ್ಲಿಟ್ಟಿದ್ದರು. ಹಾಗಾಗಿ ಪುಟದಲ್ಲಿ ಬಿಡಿಸಿ ಬರೆಯಬೇಕು: ನಟ್ಟು, ಬೋಲ್ಟು, ಆಯಿಲ್, ಸ್ಟೇಷನರಿ ಖರೀದಿ ನಾನೇ ಮಾಡುತ್ತೇನೆ, ತಿಂಗಳ ಕೊನೆಗೆ ಲೆಕ್ಕ ಕೊಡುತ್ತೇನೆ. ಇರುವ ಸಪ್ಲೈಯರ್ ಹತ್ತಿರ ಡೆಲಿವರಿ ದಿನಾಂಕ ಬದಲಾದರೆ ಬೇಕಾದ್ದು ಮಾಡಿ ಅವತ್ತೇ ವಾಟ್ಸ್ಆ್ಯಪ್‌ನಲ್ಲಿ ತಿಳಿಸುತ್ತೇನೆ. ಮುಖ್ಯ ಸಾಮಗ್ರಿಗೆ ಹೊಸ ಸಪ್ಲೈಯರ್ ತರುವುದಾದರೆ ಕೊಟೇಶನ್ ಸಮೇತ ನಿಮ್ಮ ಮುಂದಿಟ್ಟು, ನೀವು ಸರಿ ಅಂದ ಮೇಲೆಯೇ ಆರ್ಡರ್. ಇಷ್ಟು ಬರೆದಿದ್ದರೆ ಆ ಎರಡು ಯಂತ್ರ ನಿಲ್ಲುತ್ತಿರಲಿಲ್ಲ.

ಮೂರನೆಯದು ಮಾತುಕತೆಯ ಲಯ. ಇಂಟೆಲ್ ಕಂಪನಿಯನ್ನು ಮುನ್ನಡೆಸಿದ ಆ್ಯಂಡಿ ಗ್ರೋವ್ 1983ರ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’ ಪುಸ್ತಕದಲ್ಲಿ ಬಾಸ್ ಮತ್ತು ನೌಕರ ಇಬ್ಬರೇ ಕೂರುವ ಭೇಟಿಯ ಬಗ್ಗೆ ಒಂದು ಮುಖ್ಯ ಮಾತು ಹೇಳಿದ್ದಾರೆ: ಅದು ನೌಕರನ ಭೇಟಿ, ಏನು ಮಾತಾಡಬೇಕೆಂಬ ಪಟ್ಟಿಯನ್ನು ಅವನೇ ತರಬೇಕು. ಎಷ್ಟು ಸಲ ಎಂಬುದು ಹುದ್ದೆಯ ಮೇಲಲ್ಲ, ಆ ನಿರ್ದಿಷ್ಟ ಕೆಲಸದಲ್ಲಿ ಎಷ್ಟು ಪಳಗಿದ್ದಾನೆ ಎಂಬುದರ ಮೇಲೆ ನಿಂತಿದೆ. ಹೊಸ ಕೆಲಸಕ್ಕೆ ವಾರಕ್ಕೊಮ್ಮೆ, ಪಳಗಿದ ಮೇಲೆ ಕೆಲವು ವಾರಗಳಿಗೊಮ್ಮೆ. ಹೆಚ್ಚು ಮಾತಾಡದ ಬಾಸ್ ಎದುರು ಇದನ್ನು ಹೀಗೆ ಇಡಬಹುದು: “ಮೊದಲ ಎರಡು ತಿಂಗಳು ವಾರಕ್ಕೆ ಇಪ್ಪತ್ತು ನಿಮಿಷ ಕೊಡಿ ಸರ್, ಆಮೇಲೆ ಹದಿನೈದು ದಿನಕ್ಕೊಮ್ಮೆ ಸಾಕು.” ಕೊನೆ ಕಾಣುವ ಬೇಡಿಕೆಗೆ ಒಪ್ಪಿಗೆ ಸುಲಭವಾಗಿ ಸಿಗುತ್ತದೆ.

ಮಾತೋ ಬರಹವೋ ಎಂಬುದನ್ನೂ ಗಮನಿಸಬೇಕು. ಕೆಲವರು ಓದಿ ಗ್ರಹಿಸುತ್ತಾರೆ, ಕೆಲವರು ಕೇಳಿ ಗ್ರಹಿಸುತ್ತಾರೆ ಎಂದು ಡ್ರಕರ್ ವಿಂಗಡಿಸಿದ್ದರು. ಅವರು ಕೊಡುವ ಉದಾಹರಣೆ ಐಸೆನ್‌ಹೋವರ್ ಅವರದು. ಸೇನಾಧಿಪತಿಯಾಗಿದ್ದಾಗ ಪತ್ರಕರ್ತರ ಪ್ರಶ್ನೆಗಳು ಬರಹದಲ್ಲಿ ಮುಂಚೆಯೇ ಅವರ ಕೈ ಸೇರುತ್ತಿದ್ದವು, ಉತ್ತರಗಳು ಸೊಗಸಾಗಿರುತ್ತಿದ್ದವು. ಅಧ್ಯಕ್ಷರಾದ ಮೇಲೆ ನೇರ ಪ್ರಶ್ನೋತ್ತರಕ್ಕೆ ಹೊರಳಿ, ಅದೇ ಪತ್ರಕರ್ತರಿಂದ ತಡವರಿಸುವವರು ಎನಿಸಿಕೊಂಡರು. ಇಮೇಲ್‌ಗೆ ಉತ್ತರಿಸದ ಬಾಸ್ ಎದುರಿಗೆ ಹೋದರೆ ಎರಡೇ ನಿಮಿಷದಲ್ಲಿ ತೀರ್ಮಾನ ಕೊಡುವುದು ಅನೇಕರ ಅನುಭವ. ಅಂಥವರ ಬಳಿ ಮಾತಾಡಿ ಬಂದು, ಅವತ್ತೇ ಸಂಜೆ “ಬೆಳಿಗ್ಗೆ ಮಾತಾಡಿದಂತೆ ಹೀಗೆ ಮಾಡುತ್ತಿದ್ದೇನೆ” ಎಂದು ನಾಲ್ಕು ಸಾಲು ಕಳಿಸಿದರೆ ದಾಖಲೆಯೂ ಉಳಿಯುತ್ತದೆ.

ಇನ್ನು ಉತ್ತರವೇ ಬರದಿದ್ದರೆ? ಅದಕ್ಕೂ ಮೊದಲೇ ಒಂದು ನಿಯಮ ಒಪ್ಪಿಕೊಂಡಿರಬೇಕು: “ಗುರುವಾರ ಸಂಜೆಯೊಳಗೆ ನೀವು ಬೇಡ ಅನ್ನದಿದ್ದರೆ ಹಳೆಯ ಸಪ್ಲೈಯರ್‌ಗೇ ರಿಪೀಟ್ ಆರ್ಡರ್ ಹಾಕುತ್ತೇನೆ.” ಇದು ಬಲವಾದ ಅಸ್ತ್ರ, ಅದಕ್ಕೇ ಎಚ್ಚರ ಬೇಕು. ತಪ್ಪಾದರೆ ಹಿಂದಕ್ಕೆ ತರಬಹುದಾದ, ತನ್ನ ಅಧಿಕಾರದ ಮಿತಿಯೊಳಗಿನ ನಿರ್ಧಾರಕ್ಕೆ ಮಾತ್ರ ಇದು ಸಲ್ಲುತ್ತದೆ. ಮಂಜೂರಾತಿ ಮಿತಿ ಮೀರಿದ ಹಣ, ಕಾರ್ಮಿಕರ ಸುರಕ್ಷತೆ, ಕಾನೂನಿನ ವಿಷಯ, ಯಾರನ್ನಾದರೂ ಕೆಲಸದಿಂದ ತೆಗೆಯುವುದು, ಇವುಗಳಲ್ಲಿ ಮೌನ ಎಂದೂ ಸಮ್ಮತಿಯಲ್ಲ. ಸರ್ಕಾರಿ ಕಚೇರಿಯಲ್ಲಂತೂ ಕಡತದ ಮೇಲೆ ಟಿಪ್ಪಣಿ ಮತ್ತು ಸಹಿ ಬೀಳದೆ ಯಾವುದೂ ಒಪ್ಪಿಗೆಯಾಗದು. ಅಲ್ಲಿ ಈ ಮಾರ್ಗವನ್ನು ಹಿಡಿಯಲೇಬಾರದು.

ಒಪ್ಪಂದ ನಡೆಯುತ್ತಿದೆಯೋ ಇಲ್ಲವೋ ತಿಳಿಯಲು ‘ಇದನ್ನು ಯಾಕೆ ಹೇಳಲಿಲ್ಲ?’ ಎಂಬ ಮಾತು ಎಷ್ಟು ಸಲ ಬಂತೆಂದು ನೋಡಿದರೆ ಸಾಕು. ಅದು ಬಂದಾಗಲೆಲ್ಲ ಯಾವುದೋ ಒಂದು ನಿರ್ಧಾರ ತಪ್ಪು ಮೆಟ್ಟಿಲಲ್ಲಿದೆ ಎಂದರ್ಥ, ಆ ಸಾಲನ್ನು ಅದೇ ವಾರ ತಿದ್ದಬೇಕು. ಸತತ ಮೂರು ಭೇಟಿ ರದ್ದಾದರೆ ಸಮಯವನ್ನೋ ರೂಪವನ್ನೋ ಬದಲಿಸಬೇಕು. ಕುಳಿತು ಮಾತಾಡದವರು ಶಾಪ್ ಫ್ಲೋರ್‌ನಲ್ಲಿ ರೌಂಡ್ಸ್ ಹೋಗುವಾಗ ಜೊತೆಗೆ ನಡೆಯುತ್ತಾ ಮಾತಾಡಿಯಾರು. ಇಷ್ಟೆಲ್ಲ ಮಾಡಿದರೂ ಪುಟವನ್ನು ಓದದ, ಭೇಟಿಗೆ ಬಾರದ, ತಪ್ಪಾದಾಗ ಮಾತ್ರ ಬಾಯಿ ಬಿಡುವ ಬಾಸ್ ಇದ್ದಾರೆ. ಅವರನ್ನು ಯಾವ ಪತ್ರವೂ ಬದಲಿಸುವುದಿಲ್ಲ. ಆಗ ದಿನಾಂಕ ಹಾಕಿದ ಆ ಪುಟಗಳು, ಸಂಜೆಯ ನಾಲ್ಕು ಸಾಲಿನ ಸಂದೇಶಗಳು ಅಪ್ರೈಸಲ್ ದಿನ ನೌಕರನ ಪರವಾಗಿ ನಿಲ್ಲುತ್ತವೆ, ಎಚ್.ಆರ್. ಬಳಿಗೋ ಬಾಸ್‌ನ ಮೇಲಿನವರ ಬಳಿಗೋ ಹೋಗಬೇಕಾಗಿ ಬಂದರೆ ಅವೇ ಆಧಾರ.

ಹೊಸ ಕೆಲಸಕ್ಕೆ ಸೇರಿದವರು ಈ ಪುಟವನ್ನು ಮೊದಲ ಹದಿನೈದು ದಿನದೊಳಗೇ ಬರೆದು ಕೊಡಲಿ. ಆ ದಿನಗಳಲ್ಲಿ ಏನು ಕೇಳಿದರೂ ಅದು ಹೊಸಬರ ಪ್ರಶ್ನೆ. ಯಂತ್ರ ನಿಂತ ಮೇಲೆ ಅದೇ ಪ್ರಶ್ನೆ ಸಮಜಾಯಿಷಿಯಂತೆ ಕೇಳಿಸುತ್ತದೆ.