ಹಾಸನದಲ್ಲಿ ಸಂಜೆ ಆರೂವರೆ ಅಂದ್ರೆ ನ್ಯೂಜೆರ್ಸಿಯಲ್ಲಿ ಎಷ್ಟು?

ಇವತ್ತು ನನ್ನದೇ ಒಂದು ತಪ್ಪಿನ ಕಥೆ ಹೇಳ್ತೀನಿ.

2025ರ ನವೆಂಬರ್ 9, ಭಾನುವಾರ ಸಂಜೆ 6:30ಕ್ಕೆ ಹಾಸನದಿಂದ ನಮ್ಮ ರಾಜ್ಯೋತ್ಸವದ ಲೈವ್ ಇತ್ತು. ನ್ಯೂಜೆರ್ಸಿಯಲ್ಲಿರೋ ಅರಕಲಗೂಡಿನ ಕೇಳುಗರೊಬ್ಬರು ದುಡ್ಡು ಕಟ್ಟಿ ಸೀಟು ಬುಕ್ ಮಾಡಿದ್ರು. ಪೇಜಲ್ಲಿ 6:30 ಅಂತ ಇತ್ತು, ಅವರು ತಮ್ಮ ಊರಿನ ಸಂಜೆ 6:30ಕ್ಕೆ ಲಿಂಕ್ ಒತ್ತಿದ್ರು. ಆಗ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ 5 ಗಂಟೆ. ದುಡ್ಡು ವಾಪಸ್ ಕೊಟ್ಟೆ, ಆದ್ರೆ ಕಾರ್ಯಕ್ರಮ ಅವರ ಪಾಲಿಗೆ ತಪ್ಪಿಹೋಯ್ತು.

ಪೇಜನ್ನ ಟೆಸ್ಟ್ ಮಾಡಿರಲಿಲ್ವಾ? ಮಾಡಿದ್ದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸ್ನೇಹಿತರ ಫೋನ್‌ಗಳಲ್ಲಿ ನೋಡಿಸಿದ್ದೆ. ನಾಲ್ಕು ಊರಾದ್ರೂ ಗಡಿಯಾರ ಒಂದೇ. ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಸುಳಿವು ಇದ್ದದ್ದು ಒಂದೇ ಕಡೆ: ನ್ಯೂಜೆರ್ಸಿಯಲ್ಲೂ ಅದೇ 6:30 ಕಾಣಿಸ್ತಿತ್ತು. ಪೇಜು ಸರಿಯಾಗಿ ಲೆಕ್ಕ ಹಾಕಿದ್ದಿದ್ರೆ ಅವರಿಗೆ ಬೆಳಗ್ಗೆ 8:00 ಅಂತ ಕಾಣಬೇಕಿತ್ತು. ಎಲ್ಲಾ ದೇಶದಲ್ಲೂ ಒಂದೇ ಅಂಕಿ ಬಂತು ಅಂದ್ರೆ ಸಮಯ ಬದಲಾಗ್ತಾನೇ ಇಲ್ಲ ಅಂತ ಅರ್ಥ. ಕೋಡ್ ತೆಗೆದು ನೋಡಿದೆ:

```js
new Date("2025-11-09T18:30:00")
```

ಇದರಲ್ಲಿ 6:30 ಇದೆ, ಆದ್ರೆ ಯಾವ ಊರಿನ 6:30 ಅಂತ ಇಲ್ಲ. ಹೀಗೆ ಬರೆದ್ರೆ ಬ್ರೌಸರ್ ಅದನ್ನ ನೋಡುವವರ ಫೋನಿನ ಸಮಯ ಅಂತಲೇ ತಿಳ್ಕೊಳ್ಳುತ್ತೆ. ಪರಿಹಾರ ಆರು ಅಕ್ಷರ:

```js
new Date("2025-11-09T18:30:00+05:30")
```

ಜಾಗತಿಕ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದೆ ಅಂತ ಇಲ್ಲಿ ಹೇಳಿದಂಗಾಯ್ತು. ಉಳಿದ ಲೆಕ್ಕ ಫೋನೇ ಮಾಡಿಕೊಳ್ಳುತ್ತೆ.

"ಅಮೆರಿಕದವರಿಗೆ ಹತ್ತೂವರೆ ಗಂಟೆ ಕಳೆದು ನಾವೇ ಬರೆದ್ರೆ ಸಾಕಲ್ವಾ?" ಅಂತ ಒಬ್ಬ ಸ್ನೇಹಿತ ಕೇಳಿದ. ಸಾಲಲ್ಲ. ಅಲ್ಲಿ ನವೆಂಬರ್ 2ರಂದು ಗಡಿಯಾರವನ್ನ ಒಂದು ಗಂಟೆ ಹಿಂದಕ್ಕೆ ಇಟ್ಟಿದ್ರು. ಅಕ್ಟೋಬರ್ 26ರಂದು ನಮ್ಮ ಸಂಜೆ 6:30 ನ್ಯೂಜೆರ್ಸಿಯಲ್ಲಿ ಬೆಳಗ್ಗೆ 9:00. ಎರಡು ವಾರ ಕಳೆದ್ರೆ ಅದೇ 6:30 ಅಲ್ಲಿ 8:00. ಕೈಲೆಕ್ಕ ಹಾಕಿದ್ರೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಸರಿ, ಉಳಿದ ಎಂಟು ತಿಂಗಳು ತಪ್ಪು.

ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ನ್ಯೂಜೆರ್ಸಿಗೆ ಹೋಗಬೇಕಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯಕ್ಕೆ ಹೋಗಿ, ತಾನಾಗೇ ಸಮಯ ವಲಯ ಆರಿಸೋದನ್ನ ಆಫ್ ಮಾಡಿ, ನ್ಯೂಯಾರ್ಕ್ ಆರಿಸಿ ಪೇಜನ್ನ ಮತ್ತೆ ತೆರೀರಿ. 8:00 ಬಂದ್ರೆ ಸರಿ. ಆಮೇಲೆ ದುಬೈ ಆರಿಸಿ, ಸಂಜೆ 5:00 ಬರಬೇಕು. ಮುಗಿದ ಮೇಲೆ ಸೆಟ್ಟಿಂಗ್ ವಾಪಸ್ ಹಾಕೋದು ಮರೀಬೇಡಿ, ಇಲ್ಲಾಂದ್ರೆ ಬೆಳಗಿನ ಅಲಾರಾಂ ಕೈಕೊಡುತ್ತೆ!

ಇನ್ನೊಂದು ಕಡೆ ಇದೇ ತಪ್ಪು ಉಳಿದಿರಬಹುದು. ಬುಕ್ ಮಾಡಿದವರಿಗೆ ಹೋಗೋ ಇಮೇಲನ್ನ ಬರೆಯೋದು ಸರ್ವರ್. ಓದೋರು ಯಾವ ದೇಶದಲ್ಲಿದ್ದಾರೆ ಅಂತ ಅದಕ್ಕೆ ತಾನಾಗೇ ಗೊತ್ತಿರಲ್ಲ. ಅದಕ್ಕೇ ಈಗ ನಮ್ಮ ಇಮೇಲಲ್ಲಿ ಬರೀ 6:30 ಅಂತ ಇರಲ್ಲ, "ಭಾರತೀಯ ಸಮಯ ಸಂಜೆ 6:30" ಅಂತ ಇರುತ್ತೆ.